ಆಟಿ ಪಾಯಸ ಮತ್ತು ಸಣ್ಣಸ್ವಾಮಿಯ ಮುಚ್ಚಳಿಕೆ

ಸ್ವಂತ ಜೀಪಿನ ಎಡಗಡೆ ಸೀಟಿನಲ್ಲಿ ಕೂತು ಊರು ಸುತ್ತುವ ಗಂಡಸಿನ ಸಂಕಟ ಎಂಥದ್ದು ಎಂದು ತಿಳಿಯಬೇಕಾದರೆ ಸಣ್ಣಸ್ವಾಮಿಯನ್ನು ಕೇಳಬೇಕು. ಕೇಳದಿದ್ದರೂ ಅವನೇ ಹೇಳುತ್ತಾನೆ, ಅದು ಬೇರೆ ಮಾತು.

ಸೋಮವಾರಪೇಟೆಯಿಂದ ನಾಲ್ಕು ಮೈಲಿ ಆಚೆಯ ಎಸ್ಟೇಟೊಂದರಲ್ಲಿ ಮೂವತ್ತೊಂದು ವರ್ಷ ರೈಟರಾಗಿದ್ದು ನಿವೃತ್ತನಾದ ಮನುಷ್ಯ ಈತ. (ರೈಟರ್ ಎಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಆದರೆ ಕೆಲಸಕ್ಕೆ ಬಾರದವರು ಕೊಟ್ಟ ಕಾರಣಗಳನ್ನೆಲ್ಲ ಕೇಳಿ ಕೇಳಿ ಅವನಿಗೆ ಕಥೆ ಕಟ್ಟುವ ವಿದ್ಯೆಯೂ ತಕ್ಕಮಟ್ಟಿಗೆ ಹತ್ತಿತ್ತು.) ನಿವೃತ್ತಿಯ ದಿನ ಧಣಿಗಳು ಪ್ರೀತಿಯಿಂದ ಕೊಟ್ಟ ಹಳೇ ಜೀಪೇ ಅವನ ಸಿಂಹಾಸನ. ಆ ಸಿಂಹಾಸನವನ್ನು ಬಲಗಣ್ಣಿನ ಪೊರೆ ಕಿತ್ತುಕೊಂಡಿತು. ಎದುರಿಗೆ ಬರುತ್ತಿದ್ದ ಬಸ್ಸನ್ನು ಹುಲ್ಲಿನ ಗಾಡಿ ಎಂದುಕೊಂಡು, "ಏಯ್, ಪಕ್ಕಕ್ಕೆ ಹೊಡ್ಕೊಳ್ಳೋ!" ಎಂದು ಗದರಿದ ದಿನವೇ ಹೆಂಡತಿ ಸರ್ವಮಂಗಳ ಜೀಪಿನ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ನಿಮ್ಮ ಕಣ್ಣು ಸರಿಹೋಗೋವರ್ಗೂ ಇದು ನನ್ನ ಹತ್ರಾನೇ ಇರ್ಲಿ" ಎಂದಳು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕುಶಾಲನಗರಕ್ಕೆ ಓಡಾಡಿ ಡ್ರೈವಿಂಗ್ ಕಲಿತೂ ಬಂದಳು. ಈಗ ಅವಳು ಎರಡನೇ ಗೇರಿನಲ್ಲಿ ಜೀಪನ್ನು ನಡೆಸಿಕೊಂಡು, ತಿರುವು ಇರಲಿ ಬಿಡಲಿ ಹಾರನ್ ಹೊಡೆಯುತ್ತಾ ಹೋಗುತ್ತಾಳೆ. ಪಕ್ಕದಲ್ಲಿ ಸಣ್ಣಸ್ವಾಮಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಬಲಗಾಲಿನ ಮೀನಖಂಡ ನೋಯಿಸಿಕೊಂಡಿದ್ದಾನೆ.

ಹಾಗಾದರೆ ಆಪರೇಷನ್ ಮಾಡಿಸಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ತೊಡಕು. ಮಡಿಕೇರಿಯ ಕಣ್ಣಿನ ಡಾಕ್ಟರು, "ಬೆಳಿಗ್ಗೆ ಖಾಲಿ ಹೊಟ್ಟೇಲಿ ಸಕ್ಕರೆ ನೂರ ನಲವತ್ತರೊಳಗೆ ಬಂದ್ರೆ ಮಾತ್ರ ಕಣ್ಣಿಗೆ ಕೈ ಹಾಕೋದು" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮಾರ್ಚಿನಲ್ಲಿ ಒಂದು ಮದುವೆಯ ಹೋಳಿಗೆ ಅಡ್ಡ ಬಂತು, ಇನ್ನೂರ ಮೂವತ್ತೆರಡು. ಮೇ ತಿಂಗಳಲ್ಲಿ ಹಲಸಿನಹಣ್ಣು ಅಡ್ಡ ಬಂತು, ಇನ್ನೂರ ನಲವತ್ತೇಳು. ಎರಡು ಸಲವೂ ಸಣ್ಣಸ್ವಾಮಿ ಒಂದೇ ಸಮಜಾಯಿಷಿ ಕೊಟ್ಟಿದ್ದ: "ಏನ್ ಮಾಡ್ಲಿ ಮಂಗ್ಳಾ, ಮನಸ್ಸು ದುರ್ಬಲ." ಮೂರನೇ ಸಲಕ್ಕೆ ಡಾಕ್ಟರು, "ಈ ಸಲ ಆಗ್ಲಿಲ್ಲ ಅಂದ್ರೆ ನಮ್ಮ ಕಡೆ ಬರ್ಬೇಡಿ, ಪೊರೆ ಗಟ್ಟಿಯಾಗ್ತಾ ಇದೆ" ಎಂದು ರಕ್ತಪರೀಕ್ಷೆಗೆ ತಾರೀಕು ಬರೆದುಕೊಟ್ಟರು. ಆಗಸ್ಟ್ ನಾಲ್ಕು.

ಕೊಡಗಿನಲ್ಲಿ ಹುಟ್ಟಿದವನಿಗೆ ಆ ತಾರೀಕು ಕೇಳಿದರೆ ಎದೆ ಧಸಕ್ಕೆನ್ನಬೇಕು. ಯಾಕೆಂದರೆ ಅದರ ಹಿಂದಿನ ದಿನ ಆಟಿ ಹದಿನೆಂಟು, ಅಂದರೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ. ಮದ್ದುಸೊಪ್ಪಿಗೆ ಹದಿನೆಂಟು ಬಗೆಯ ಔಷಧದ ಗುಣ ಏರುವುದು ಅವತ್ತೇ ಎಂಬುದು ಹಿರಿಯರ ಮಾತು. ಸೊಪ್ಪನ್ನು ಕುದಿಸಿದರೆ ನೇರಳೆ ಬಣ್ಣದ ರಸ. ಆ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ, ಮೇಲೆ ತುಪ್ಪ, ಜೇನು ಬಿಟ್ಟರೆ ಮದ್ದು ಪಾಯಸ. ವರ್ಷಕ್ಕೊಂದೇ ದಿನ. ಸಣ್ಣಸ್ವಾಮಿ ನೆನಪಿರುವಾಗಿನಿಂದ ಅದನ್ನು ತಪ್ಪಿಸಿದವನಲ್ಲ. ಆ ಪಾಯಸಕ್ಕೆ ಇನ್ನೊಂದು ಗುಣವಿದೆ. ತಿಂದವರು ಮಾರನೇ ದಿನ ಬೆಳಿಗ್ಗೆ ಮೂತ್ರಕ್ಕೆ ಹೋದರೆ ಕೆಂಪಗೆ ಹೋಗುತ್ತದೆ. ಹೊಸಬರು ಗಾಬರಿಯಾಗುತ್ತಾರೆ, ನಮ್ಮವರು ಮದ್ದು ಮೈಗೆ ಹತ್ತಿತು ಎಂದು ಸಂತೋಷಪಡುತ್ತಾರೆ.

ಆಗಸ್ಟ್ ಎರಡರ ಬೆಳಿಗ್ಗೆ ಮಹೇಶ್ ಬಂದ. ಇವನು ಸಣ್ಣಸ್ವಾಮಿಯ ಒಂದನೇ ಕ್ಲಾಸಿನ ಗೆಳೆಯ. ಮಡಿಕೇರಿಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತನಾಗಿ, ಈಗ ರಸ್ತೆಯ ಆಚೆ ಒಬ್ಬನೇ ಇದ್ದಾನೆ. (ಮದುವೆಯ ಪರವಾಗಿ ಮೂರು, ವಿರುದ್ಧವಾಗಿ ಮೂರು ವಾದ ಸಿಕ್ಕಿದ್ದರಿಂದ ಮದುವೆಯಾಗಲಿಲ್ಲ.) ಅವನಿಗೂ ಸಕ್ಕರೆ ಕಾಯಿಲೆ. ಈ ಸಲವೂ ಜಾಸ್ತಿ ಬಂದರೆ ದಿನಾ ಸೂಜಿಯೇ ಗತಿ ಎಂದು ಅವನ ಡಾಕ್ಟರು ಹೇಳಿದ್ದರು. ಅವನಿಗೆ ಸೂಜಿ ಎಂದರೆ ಜೀವ ಹೋಗುತ್ತದೆ. ಅವನ ಪರೀಕ್ಷೆಯೂ ನಾಲ್ಕಕ್ಕೇ, ಇವರ ಜೀಪಿನಲ್ಲೇ ಹೋಗಿಬರುವುದೆಂದು ಮಾತಾಗಿತ್ತು.

ಇಬ್ಬರೂ ಜಗಲಿಯಲ್ಲಿ ಕೂತು ಸಕ್ಕರೆಯಿಲ್ಲದ ಕಾಫಿಯನ್ನು ಕಷಾಯದಂತೆ ಗುಟುಕರಿಸಿದರು. ಸಣ್ಣಸ್ವಾಮಿ ನಿಟ್ಟುಸಿರು ಬಿಟ್ಟ.

"ನಾಳೆ ಏನ್ ಗತಿಯೋ ಮಹೇಶ. ನನ್ನ ಮನಸ್ಸು ದುರ್ಬಲ ಕಣೋ."

"ದುರ್ಬಲ ಮನಸ್ಸು ಅಂತ ಒಂದು ಪದಾರ್ಥವೇ ಲೋಕದಲ್ಲಿಲ್ಲ" ಎಂದ ಮಹೇಶ್.

"ಇಲ್ದೇ ಏನು? ಎದುರಿಗೇ ಕೂತು ಕಾಫಿ ಕುಡೀತಿದೆಯಲ್ಲ!"

"ನೋಡು ಸಣ್ಣ, ಮನುಷ್ಯ ತನಗೆ ಯಾವ್ದು ಮೇಲು ಅಂತ ಕಾಣುತ್ತೋ ಅದನ್ನೇ ಮಾಡೋದು. ನಿನ್ನ ಕೈ ಹಲಸಿನ ತೊಳೆಗೆ ಹೋಯ್ತು ಅಂದ್ರೆ, ಆ ಗಳಿಗೇಲಿ ತಿನ್ನೋದೇ ಮೇಲು ಅಂತ ತೀರ್ಮಾನ ಮಾಡಿದೆ ಅಂತ್ಲೇ ಅರ್ಥ. ಮೊದ್ಲು ಬೇಡ ಅಂದಿದ್ದೆ, ಆಮೇಲೆ ಬೇಕು ಅಂದೆ. ಅದು ಮನಸ್ಸು ಬದಲಾಯ್ಸೋದು. ದೌರ್ಬಲ್ಯ ಎಲ್ಲಿ ಬಂತು?"

ಒಳಗಿನಿಂದ ಸರ್ವಮಂಗಳ ಹೊರಗೆ ಬಂದಳು. ಕೈಯಲ್ಲಿ ಸೌಟು ಇತ್ತು.

"ಇನ್ನೊಂದ್ಸಲ ಹೇಳಿ ಮೇಷ್ಟ್ರೇ. ಹಂಗಾದ್ರೆ ಇವ್ರು ಕಣ್ಣಿಗಿಂತ ಹಲಸಿನಹಣ್ಣೇ ಮೇಲು ಅಂತ ಯೋಚ್ನೆ ಮಾಡೇ ತಿಂದಿದ್ದು?"

"ತರ್ಕ ಹಾಗೇ ಹೇಳುತ್ತೆ ಅತ್ತಿಗೆ."

"ಅಂದ್ರೆ ನನ್ ಮುಂದೆ 'ಮನಸ್ಸು ದುರ್ಬಲ' ಅಂತ ಅತ್ತಿದ್ದು ಸುಳ್ಳು?"

"ಸುಳ್ಳು ಅಂತ ಅಲ್ಲ, ತಪ್ಪು ತಿಳುವಳಿಕೆ ಅನ್ನಬಹುದು" ಎಂದು ಮಹೇಶ್ ದೊಡ್ಡ ಮನಸ್ಸು ಮಾಡಿದ.

ಸರ್ವಮಂಗಳ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಇಷ್ಟು ದಿನ ಅವನು ಪಾಪದ ಗಂಡನಾಗಿದ್ದ, ಮಹೇಶನ ಒಂದು ವಾಕ್ಯದಿಂದ ಕಳ್ಳ ಗಂಡನಾಗುವ ಕಾಲ ಬಂದಿತ್ತು. ಸಂಸಾರ ಉಳಿಯಬೇಕಾದರೆ ಮನೋದೌರ್ಬಲ್ಯ ಎಂಬುದು ನಿಜಕ್ಕೂ ಇದೆ ಎಂದು ಅವನು ಇವತ್ತೇ ಸಾಧಿಸಬೇಕಾಗಿತ್ತು.

"ತಡಿ ಮಂಗ್ಳಾ, ಕೂತ್ಕೋ. ನೀನೇ ಕೇಳು" ಎಂದು ಅವನು ಲುಂಗಿ ಸರಿಮಾಡಿಕೊಂಡ. "ಲೋ ಮಹೇಶ, ಮನಸ್ಸು ಬದಲಾಯ್ಸಿದವ್ನು ಹೆಂಗೆ ತಿಂತಾನೆ? ಪಡಸಾಲೇಲಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತು, 'ಇನ್ನೊಂದೆರಡು ತೊಳೆ ಹಾಕು' ಅಂತಾನೆ. ನಾನು ಉಗ್ರಾಣದ ಬಾಗ್ಲ ಹಿಂದೆ ನಿಂತ್ಕೊಂಡು ತಿಂದೆ. ಒಂದೊಂದು ತೊಳೆಗೂ 'ಥೂ ನಿನ್ ಜನ್ಮಕ್ಕೆ' ಅಂತ ನನ್ನನ್ನೇ ಬೈಕೊಂಡು ತಿಂದೆ. ಆಮೇಲೆ ಅಲ್ಲ, ತಿಂತಾ ಇರೋವಾಗ್ಲೇ! ತಿನ್ನೋದೇ ಮೇಲು ಅಂತ ತೀರ್ಮಾನ ಮಾಡಿದ್ರೆ ಬೈಕೊಳ್ಳೋದು ಯಾಕೆ?"

ಮಹೇಶ್ ಗಲ್ಲ ಉಜ್ಜಿಕೊಂಡ. "ಸರಿ. ಹಾಗಾದ್ರೆ ಕೆಟ್ಟದ್ದು ಅನ್ನೋ ತಿಳುವಳಿಕೆ ನಿನಗೆ ಬರೀ ಬಾಯಲ್ಲಿತ್ತು. ಕುಡಿದವ್ನು ರಸ್ತೇಲಿ ನಿಂತು ಕುಡೀಬೇಡ್ರೋ ಅಂತ ಬುದ್ಧಿ ಹೇಳ್ತಾನಲ್ಲ, ಹಾಗೆ. ಮಾತಿದೆ, ಆದ್ರೆ ಆ ಹೊತ್ತಿಗೆ ಅರಿವು ನಿದ್ದೆ ಮಾಡ್ತಿದೆ."

"ನಿದ್ದೆ ಎಲ್ಲಿ ಬಂತು? ಹನ್ನೆರಡು ತೊಳೆ ಇತ್ತು, ಏಳೇ ತಿಂದೆ. ಯಾಕೆ? ಹನ್ನೆರಡೂ ತಿಂದ್ರೆ ಸಕ್ಕರೆ ಮುನ್ನೂರು ದಾಟುತ್ತೆ ಅಂತ ಎಣಿಸ್ಕೊಂಡೇ ಬಿಟ್ಟೆ. ಅರಿವು ಎದ್ದು ಕೂತು ಎಣಿಸ್ತಾ ಇತ್ತು ಕಣಯ್ಯ!"

"ಏಳು ತೊಳೆ!" ಎಂದಳು ಸರ್ವಮಂಗಳ. "ನನ್ ಹತ್ರ ಮೂರು ಅಂದಿದ್ರಿ."

(ವಾದದ ಬಿಸಿಯಲ್ಲಿ ಇಂಥ ಸಣ್ಣಪುಟ್ಟ ನಷ್ಟಗಳು ಆಗುತ್ತವೆ.)

"ಹಾಗಾದ್ರೆ ಉಳಿದಿದ್ದು ಒಂದೇ" ಎಂದ ಮಹೇಶ್. "ಆಸೆ ನಿನ್ನನ್ನ ಕುತ್ತಿಗೆ ಹಿಡಿದು ದಬ್ಬಿತು. ಪ್ರವಾಹ ಬಂದು ಕೊಚ್ಕೊಂಡು ಹೋದವ್ನಿಗೆ ಈಜು ಬರಲ್ಲ, ದುರ್ಬಲ ಅಂತ ಯಾರೂ ಅನ್ನಲ್ಲ. ಬೇರೆ ದಾರೀನೇ ಇರ್ಲಿಲ್ಲ ಅಂದ್ರೆ ಅದು ದೌರ್ಬಲ್ಯ ಅಲ್ಲ, ಬಲವಂತ."

"ಬೇರೆ ದಾರಿ ಇತ್ತು ಮಾರಾಯ. ಇವಳ ಬಳೆ ಸದ್ದು ಕೇಳಿದ್ದಿದ್ರೆ ಬಾಯಲ್ಲಿರೋದನ್ನೂ ಉಗಿದು ಕೈ ಒರೆಸ್ಕೊತಿದ್ದೆ. ಪ್ರವಾಹಕ್ಕೆ ಬಳೆ ಸದ್ದು ಕೇಳಿಸುತ್ತಾ?"

ಮಹೇಶ್ ಖಾಲಿ ಕಾಫಿ ಲೋಟವನ್ನು ಮತ್ತೊಮ್ಮೆ ಬಾಯಿಗೆತ್ತಿದ. ಮೂವತ್ತು ವರ್ಷ ತರ್ಕ ಹೇಳಿದವನ ಬಾಯಿ ಕಟ್ಟಿದ್ದು ನೋಡಿ ಸಣ್ಣಸ್ವಾಮಿಗೆ ಉಮೇದು ಹತ್ತಿತು. ಅವನು ಎದ್ದು ಮೆಟ್ಟಿಲ ಮೇಲೆ ನಿಂತ.

"ಇಲ್ಲಿ ನೋಡು. ಈ ಕಾಫಿ ಗಿಡ ನನ್ನ ಎದೆಮಟ್ಟ. ಆ ಕೆಳಗಿರೋ ಸಿಲ್ವರ್ ಮರ ಅರವತ್ತು ಅಡಿ. ಇಲ್ಲಿ ನಿಂತ್ರೆ ಯಾವ್ದು ದೊಡ್ಡದು ಅಂತ ಮಗೂಗೂ ಕಾಣುತ್ತೆ. ಈ ಗಿಡದ ಬುಡದಲ್ಲಿ ಹೋಗಿ ಕುಕ್ಕರಗಾಲಲ್ಲಿ ಕೂತ್ಕೋ, ಗಿಡ ಮರಾನ ಪೂರ್ತಿ ಮುಚ್ಚಿಬಿಡುತ್ತೆ. ಅಲ್ಲಿ ಕೂತಾಗ್ಲೂ 'ಯಾವ್ದೋ ದೊಡ್ಡದು?' ಅಂತ ಕೇಳಿದ್ರೆ ಮರಾನೇ ಅಂತೀಯ. ತೀರ್ಮಾನ ಅಲ್ಲಾಡಿಲ್ಲ, ಕಣ್ಣ ಮುಂದೆ ಕಾಣೋದು ಬದಲಾಯ್ತು. ಹತ್ರ ಇರೋ ಪಾಯಸ ದೂರ ಇರೋ ಕಣ್ಣನ್ನ ಮುಚ್ಚುತ್ತೆ. ಕೈ ತೀರ್ಮಾನದ ಮಾತು ಕೇಳಲ್ಲ, ಕಾಣೋದ್ರ ಮಾತು ಕೇಳುತ್ತೆ. ಅದೇ ಕಣೋ ದೌರ್ಬಲ್ಯ."

"ಚೆನ್ನಾಗಿ ಹೇಳಿದ್ರಿ" ಎಂದಳು ಸರ್ವಮಂಗಳ, ಮದುವೆಯಾದ ಮೇಲೆ ಎರಡನೆಯ ಸಲ. (ಮೊದಲನೆಯದು ಯಾವಾಗ ಎಂದು ಅವನಿಗೆ ನೆನಪಿಲ್ಲ.)

ಮಹೇಶ್ ಸೋಲೊಪ್ಪುವ ಆಸಾಮಿಯಲ್ಲ. "ಮಾತಲ್ಲಿ ಬೇಡ, ರುಜುವಾತು ತೋರಿಸು. ನಾಳೆ ನನ್ ಮುಂದೆ, ಇದು ತಪ್ಪು ಅಂತ ತಿಳ್ಕೊಂಡೇ ಒಂದು ಬಟ್ಟಲು ಪಾಯಸ ತಿನ್ನು. ಗೆದ್ದೆ ಅಂತ ಒಪ್ಕೋತೀನಿ."

ಸಣ್ಣಸ್ವಾಮಿಯ ಬಾಯಲ್ಲಿ ನೀರೂರಿತು. ತತ್ವಕ್ಕಾಗಿ ಪಾಯಸ ತಿನ್ನುವ ಸುಯೋಗ ಯಾರಿಗುಂಟು ಯಾರಿಗಿಲ್ಲ! ಹೂಂ ಎನ್ನಲು ಬಾಯಿ ತೆರೆದವನು ಹಾಗೇ ನಿಂತ.

"ಏಯ್, ತಡಿ ತಡಿ. ಪಂದ್ಯ ಗೆಲ್ಲೋಕೆ ಅಂತ ತಿಂದ್ರೆ ತಿನ್ನೋದೇ ಮೇಲು ಅಂತ ತೀರ್ಮಾನ ಮಾಡಿ ತಿಂದಂಗಾಯ್ತು. ಆಗ ನಿನ್ ಮಾತೇ ನಿಜವಾಗುತ್ತೆ, ನನ್ ಕಣ್ಣೂ ಹೋಗುತ್ತೆ. ಕಳ್ಳ! ತಿನ್ನೋದ್ರಿಂದ ಲಾಭವೇ ಇಲ್ಲದವ್ನು ತಿಂದ್ರೆ ಮಾತ್ರ ಅದು ರುಜುವಾತು. ಅಂಥವ್ನು ಯಾರು?" ಅವನ ಬೆರಳು ನಿಧಾನವಾಗಿ ಮಹೇಶನ ಕಡೆ ತಿರುಗಿತು. "ನೀನೇ! ತಿಂದ್ರೆ ಸೂಜಿ, ತಿಂದ್ರೆ ಪಂದ್ಯ ಹೋಯ್ತು, ತಿಂದ್ರೆ ನಿನ್ನ ಶಾಸ್ತ್ರಾನೂ ಹೋಯ್ತು."

ಮಹೇಶ್ ಗಹಗಹಿಸಿ ನಕ್ಕ. "ಕಳಿಸು, ಒಂದು ಡಬ್ಬಿ ತುಂಬ ಕಳಿಸು. ಬೇಡ ಅಂತ ತೀರ್ಮಾನ ಆಗಿದೆ, ಕೈ ಹೋಗಲ್ಲ. ಅಕಸ್ಮಾತ್ ತೀರ್ಮಾನ ಬದಲಾದ್ರೆ ನಿಂಗೆ ಫೋನ್ ಮಾಡಿ, 'ಮನಸ್ಸು ಬದಲಾಯ್ಸಿದೆ ಕಣೋ' ಅಂತ ಹೇಳಿ, ರಾಜಾರೋಷವಾಗಿ ತಿಂತೀನಿ. ಅದು ಸೋಲಲ್ಲ. ಒಪ್ಪಿಗೇನಾ?"

"ಒಪ್ಪಿಗೆ. ಫೋನ್ ಮಾಡ್ದೆ ಕದ್ದು ತಿಂದ್ರೆ?"

"ಕದ್ದು ತಿಂದ್ರೆ ದೌರ್ಬಲ್ಯ ಇದೆ ಅಂತ ಅತ್ತಿಗೆ ಮುಂದೆ ಕೈ ಮುಗಿದು ಹೇಳ್ತೀನಿ."

"ಮೇಷ್ಟ್ರದ್ದು ಸರಿ, ನಿಮ್ಮದೇನು?" ಎಂದು ಸರ್ವಮಂಗಳ ಗಂಡನ ಕಡೆ ತಿರುಗಿದಳು. "ದೌರ್ಬಲ್ಯ ಇದೆ ಅಂತ ಸಾಧಿಸಿದ್ರಿ. ನಾಳೆ ಅದನ್ನ ಎಲ್ಲಿ ಕಟ್ಟಾಕ್ತೀರಾ?"

ಪ್ರಶ್ನೆ ನಾಟಿತು. ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ಈ ಸಲ ತಪ್ಪಿದರೆ ಆ ಕಣ್ಣು ಹೋದ ಹಾಗೇ, ಜನ್ಮವಿಡೀ ಎಡಗಡೆ ಸೀಟೇ. ಈಗ ಮೆಟ್ಟಿಲ ಮೇಲಿದ್ದೇನೆ, ಮರ ಕಾಣುತ್ತಿದೆ. ನಾಳೆ ಗಿಡದ ಬುಡದಲ್ಲಿರುತ್ತೇನೆ. ಹಾಗಾದರೆ ಮಾಡುವುದನ್ನೆಲ್ಲ ಮೆಟ್ಟಿಲ ಮೇಲಿರುವಾಗಲೇ ಮಾಡಿ ಮುಗಿಸಬೇಕು. ಅವನು ಒಳಗೆ ಹೋಗಿ, ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ, ಒಂದು ಕಣ್ಣು ಮುಚ್ಚಿ, ಮೂವತ್ತೊಂದು ವರ್ಷದ ರೈಟರಿಕೆಯ ಠೀವಿಯಿಂದ ಬರೆದ:

"ಸಣ್ಣಸ್ವಾಮಿಯಾದ ನಾನು ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ ಬರೆದುಕೊಟ್ಟ ಮುಚ್ಚಳಿಕೆ ಏನೆಂದರೆ: ಇನ್ನು ಮುಂದೆ ನಾನು ಏನು ಕೇಳಿದರೂ, ಯಾವ ರೀತಿಯಿಂದ ಕೇಳಿದರೂ, ನನ್ನ ಪತ್ನಿ ಸರ್ವಮಂಗಳ ಇವಳು ಕಿವಿಗೊಡತಕ್ಕದ್ದಲ್ಲ. ಈ ಮುಚ್ಚಳಿಕೆಯನ್ನು ಹಿಂತೆಗೆದುಕೊಂಡಿದ್ದೇನೆಂದು ನಾನೇ ಹೇಳಿದಾಗ್ಯೂ ಅದಕ್ಕೂ ಕಿವಿಗೊಡತಕ್ಕದ್ದಲ್ಲ."

"ಸಾಕ್ಷಿ ಹಾಕೋ" ಎಂದು ಮಹೇಶನ ಮುಂದೆ ಹಿಡಿದ. "ನೋಡ್ಕೋ, ಇದೂ ನನ್ನ ಕಡೆಯ ಪುರಾವೆಯೇ. ನಾಳೆ ತೀರ್ಮಾನ ಬದಲಾಗೋದು ಒಳ್ಳೇದಕ್ಕೇ ಅಂತಿದ್ರೆ ಇವತ್ತೇ ಯಾರಾದ್ರೂ ತಮ್ಮ ಕೈ ತಾವೇ ಕಟ್ಕೋತಾರಾ?"

ಮಹೇಶ್ ಎರಡು ಸಲ ಓದಿದ. ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿ, ರುಜು ಹಾಕಿ ಹೋದ.

ಮಾರನೇ ದಿನ ಆಟಿ ಹದಿನೆಂಟು. ಬೆಳಕು ಹರಿಯುವ ಮೊದಲೇ ಸರ್ವಮಂಗಳ ಬೇಲಿ ಬದಿಯಿಂದ ಮದ್ದುಸೊಪ್ಪು ತಂದು ಕುದಿಯಲು ಇಟ್ಟಳು. ಹತ್ತು ಗಂಟೆಗೆ ಪರಿಮಳ ಜಗಲಿಗೆ ಬಂತು. ಹತ್ತೂವರೆಗೆ ಸಣ್ಣಸ್ವಾಮಿ ಏನೂ ಕೆಲಸವಿಲ್ಲದೆ ಮೂರು ಸಲ ಅಡಿಗೆಮನೆಗೆ ಹೋಗಿ ಬಂದ. ಹಿಂದಿನ ದಿನ ಅವನೇ ಮಾಡಿದ ಏರ್ಪಾಟಿನಂತೆ, ಪಾಯಸ ಒಲೆಯಿಂದ ಇಳಿದ ಕೂಡಲೇ ಎಸ್ಟೇಟ್ ಆಳುಗಳ ಲೈನ್ ಮನೆಯ ಮುದ್ದಿ ಬಂದು ದೊಡ್ಡ ಪಾತ್ರೆಯನ್ನೇ ಎತ್ತಿಕೊಂಡು ಹೋದಳು. ಒಂದು ಡಬ್ಬಿ ಮಹೇಶನ ಮನೆಗೆ ಹೋಯಿತು. ಸರ್ವಮಂಗಳ ತನ್ನ ಪಾಲನ್ನು ನಿಂತೇ ತಿಂದು, ಬಟ್ಟಲು ತೊಳೆದು, ಮನೆಗೆ ಬೀಗ ಹಾಕಿ, ಗಂಡನನ್ನು ಜೀಪಿಗೆ ಹತ್ತಿಸಿಕೊಂಡಳು. ಸಂಜೆಯವರೆಗೂ ಪೇಟೆಯಲ್ಲಿರುವುದು, ಪಾಯಸವಿರುವ ಯಾರ ಮನೆಗೂ ಕಾಲಿಡದಿರುವುದು ಎಂದು ಗೊತ್ತಾಗಿತ್ತು.

ಗೇಟು ದಾಟುವಷ್ಟರಲ್ಲಿ ಗಿಡ ಮರವನ್ನು ಮುಚ್ಚಿಬಿಟ್ಟಿತು.

"ಮಂಗ್ಳಾ, ಕನ್ನಡಕ ಮರ್ತೆ. ತಿರುಗ್ಸು."

"ಮೂಗಿನ ಮೇಲಿದೆ."

"ಅದಲ್ಲ, ಇನ್ನೊಂದು. ಹಂಗೇ ಮುದ್ದಿ ಪಾತ್ರೆ ವಾಪಸ್ ಕೊಟ್ಳಾ ಅಂತ ನೋಡ್ಕೊಂಡು ಬರ್ತೀನಿ."

ಸರ್ವಮಂಗಳ ಹಾರನ್ ಹೊಡೆದಳು. ಎದುರಿಗೆ ಯಾರೂ ಇರಲಿಲ್ಲ.

"ಅಲ್ಲ ಕಣೇ, ಅದು ಮದ್ದು! ಹದಿನೆಂಟು ಔಷಧ! ಔಷಧ ತಗೊಂಡ್ರೆ ಸಕ್ಕರೆ ಏರುತ್ತಾ? ಒಂದು ಚಮಚ. ಶಾಸ್ತ್ರಕ್ಕೆ."

"ನೀವು ಏನು ಕೇಳಿದರೂ, ಯಾವ ರೀತಿಯಿಂದ ಕೇಳಿದರೂ" ಎಂದು ಅವಳು ರಾಗವಾಗಿ ಹೇಳಿದಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳ ಮುಖದಲ್ಲಿ ಅಷ್ಟು ಕಳೆ ಅವನು ನೋಡಿರಲಿಲ್ಲ. (ಗಂಡನ ಮಾತು ಕೇಳಬೇಡ ಎಂದು ಗಂಡನೇ ಬರೆದುಕೊಡುವ ಭಾಗ್ಯ ಎಷ್ಟು ಹೆಂಗಸರಿಗೆ ಸಿಕ್ಕೀತು?)

"ಆ ಮುಚ್ಚಳಿಕೆ ರದ್ದು ಮಾಡಿದೀನಿ!"

"ಹಿಂತೆಗೆದುಕೊಂಡಿದ್ದೇನೆಂದು ನಾನೇ ಹೇಳಿದಾಗ್ಯೂ..."

ಕೊನೆಗೆ ಅವನು ಎದೆ ಹಿಡಿದುಕೊಂಡು ನರಳಿದ. ಅವಳು ಜೀಪು ನಿಲ್ಲಿಸಿ, ನಾಡಿ ಹಿಡಿದು ನೋಡಿ, ಒಂದು ಲೋಟ ನೀರು ಕೊಟ್ಟು, ಮತ್ತೆ ಎರಡನೇ ಗೇರು ಹಾಕಿದಳು. ಪೇಟೆ ಬರುವಷ್ಟರಲ್ಲಿ ಆಸೆಯ ಬಿಸಿ ತಾನಾಗಿಯೇ ಇಳಿದಿತ್ತು. ಸಣ್ಣಸ್ವಾಮಿ ಬಸ್ ಸ್ಟ್ಯಾಂಡಿನ ಎದುರು ಸೌತೆಕಾಯಿ ತಿನ್ನುತ್ತಾ ಕೂತ. "ನೀನು ತಿರುಗ್ಸಿದ್ರೆ ಇವತ್ತು ನನ್ ಕಥೆ ಮುಗೀತಿತ್ತು ಮಂಗ್ಳಾ" ಎಂದ. ಅವಳು ಸೌತೆಕಾಯಿಗೆ ಇನ್ನಷ್ಟು ಉಪ್ಪು ಹಚ್ಚಿ ಕೊಟ್ಟಳು.

ಮಹೇಶನಿಂದ ಫೋನ್ ಬರಲಿಲ್ಲ. ನಾಲ್ಕು ಗಂಟೆಗೆ ಅವನ ಗೇಟಿನ ಮುಂದೆ ಹಾದು ಬರುವಾಗ ಸರ್ವಮಂಗಳ ಎರಡು ಹಾರನ್ ಹೊಡೆದಳು. ಮಹೇಶ್ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದವನು ಕೈ ಬೀಸಿದ.

ನಾಲ್ಕನೇ ತಾರೀಕು ಬೆಳಿಗ್ಗೆ ಜೀಪು ಹತ್ತುತ್ತಲೇ ಮಹೇಶ್, "ಡಬ್ಬಿ ಮೇಜಿನ ಮೇಲಿದೆ, ಮುಚ್ಚಳ ಕೂಡ ತೆಗ್ದಿಲ್ಲ" ಎಂದು ಎದೆಯುಬ್ಬಿಸಿ ಹೇಳಿದ. ಸಣ್ಣಸ್ವಾಮಿಯ ಮುಖ ಸಪ್ಪಗಾಯಿತು. ಸೋಮವಾರಪೇಟೆಯ ಲ್ಯಾಬಿನಲ್ಲಿ ಕಾವ್ಯಶ್ರೀ ಎಂಬ ಹುಡುಗಿ ಇಬ್ಬರ ರಕ್ತ ತೆಗೆದುಕೊಂಡು, ಇಬ್ಬರ ಕೈಗೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ ಕೊಟ್ಟಳು. "ಮೂತ್ರವೂ ಬೇಕು ಅಂಕಲ್."

ಮಹೇಶ್ ಬಾಟಲಿಯನ್ನು ನೋಡಿದ. ಅವನ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಅದೂ ಬೇಕಾ? ಮೊದ್ಲು ಹೇಳ್ಲಿಲ್ಲ..."

"ಚೀಟೀಲಿ ಬರ್ದಿದಾರಲ್ಲ ಅಂಕಲ್."

ಸಣ್ಣಸ್ವಾಮಿ ಒಳಗೆ ಹೋಗಿ ಬಂದು ಬಾಟಲಿ ಇಟ್ಟ. ಮಹೇಶ್ ಹೋದವನು ಎಷ್ಟೋ ಹೊತ್ತು ಬರಲೇ ಇಲ್ಲ. ಬಂದಾಗ ಬಾಟಲಿಗೆ ಕರವಸ್ತ್ರ ಸುತ್ತಿಕೊಂಡಿದ್ದ. ಕಾವ್ಯಶ್ರೀ ಕರವಸ್ತ್ರ ಬಿಚ್ಚಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಅವಳೂ ಇದೇ ಊರಿನವಳು, ಒಂದಿಷ್ಟೂ ಗಾಬರಿಯಾಗಲಿಲ್ಲ.

"ಏನ್ ಮೇಷ್ಟ್ರೇ, ಪಾಯಸ ಜೋರಾ ನಿನ್ನೆ? ಬೆಳಿಗ್ಗೆಯಿಂದ ಬಂದಿರೋ ಹದಿಮೂರೂ ಕೆಂಪೇ. ಈ ಅಂಕಲ್‌ದು ಒಂದೇ ಹಳದಿ!"

ಸಣ್ಣಸ್ವಾಮಿ ಬೆಂಚಿನ ಮೇಲಿಂದ ಎದ್ದು ನಿಂತ. ಅವನಿಗೆ ಅರವತ್ತೆರಡು ವರ್ಷ. ಆದರೂ ಲ್ಯಾಬಿನ ನಡುವೆ ಎರಡೂ ಕೈ ಮೇಲೆತ್ತಿ, "ಗೆದ್ದೆ ಕಣೋ! ದೌರ್ಬಲ್ಯ ಇದೆ ಕಣೋ!" ಎಂದು ಕೂಗಿದ. ರಕ್ತ ಕೊಡಲು ಕೂತಿದ್ದ ನಾಲ್ಕೈದು ಜನ ಇದು ಯಾವ ಕಾಯಿಲೆಯ ಫಲಿತಾಂಶವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೊರಗೆ ಜೀಪಿನ ಹತ್ತಿರ ವಿಚಾರಣೆ ನಡೆಯಿತು.

"ಮನಸ್ಸು ಬದಲಾಯ್ಸಿದೆ ಅಂತ ಇಟ್ಕೋ" ಎಂದ ಮಹೇಶ್, ಕ್ಷೀಣವಾಗಿ.

"ಫೋನ್ ಎಲ್ಲಿ? ಫೋನ್ ಮಾಡಿದ್ರೆ ನೀನು ಸೋಲ್ತಾನೂ ಇರ್ಲಿಲ್ಲ."

"ಮೂರು ಸಲ ಕೈಗೆ ತಗೊಂಡೆ. 'ಮನಸ್ಸು ಬದಲಾಯ್ಸಿದೆ' ಅಂತ ಹೇಳೋಣ ಅಂದ್ರೆ... ಬದಲಾಗಿರ್ಲಿಲ್ಲ ಕಣೋ. ತಿನ್ಬಾರ್ದು ಅಂತ್ಲೇ ಇತ್ತು. ಆ ಸುಳ್ಳು ಮಾತ್ರ ಹೇಳೋಕೆ ಬಾಯಿ ಬರ್ಲಿಲ್ಲ."

"ಅರಿವು ನಿದ್ದೆ ಮಾಡ್ತಿತ್ತೋ?"

"ಇಲ್ಲ. ಎರಡೆರಡು ಚಮಚಕ್ಕೊಂದ್ಸಲ ಎದ್ದು ಅಂಗಳಕ್ಕೆ ಹತ್ತು ಸುತ್ತು ಹಾಕಿ ಬರ್ತಿದ್ದೆ. ಸಕ್ಕರೆ ಇಳೀಲಿ ಅಂತ."

"ಪ್ರವಾಹ ಬಂದು ಕೊಚ್ಕೊಂಡು ಹೋಯ್ತೋ?"

ಮಹೇಶ್ ತಲೆ ತಗ್ಗಿಸಿದ. "ನಾಲ್ಕು ಗಂಟೆಗೆ ಅತ್ತಿಗೆ ಹಾರನ್ ಹೊಡೆದ್ರಲ್ಲ, ಆಗ ಚಮಚ ಪೇಪರಿನ ಕೆಳಗೆ ಇಟ್ಬಿಟ್ಟೆ. ಜೀಪು ಹೋದ ಮೇಲೆ ಮತ್ತೆ ತಗೊಂಡೆ."

"ಪ್ರವಾಹಕ್ಕೆ ಹಾರನ್ ಕೇಳಿಸ್ತು ಅಂತಾಯ್ತು!" ಎಂದ ಸಣ್ಣಸ್ವಾಮಿ. ಮಹೇಶನ ವಾದದ ಮೂರು ಬಾಗಿಲೂ ಮುಚ್ಚಿದ್ದವು. ಮಹೇಶ್ ಸರ್ವಮಂಗಳಳ ಮುಂದೆ ನಿಂತು ಕೈ ಮುಗಿದ. "ಅತ್ತಿಗೆ, ದೌರ್ಬಲ್ಯ ಇದೆ. ನಿಮ್ಮ ಯಜಮಾನ್ರು ಸುಳ್ಳು ಹೇಳ್ಲಿಲ್ಲ."

"ಎಷ್ಟು ತಿಂದ್ರಿ?" ಎಂದು ಅವಳು ಕೇಳಿದಳು.

"ಡಬ್ಬಿ ಖಾಲಿ."

"ಒಳ್ಳೇದಾಯ್ತು, ಬೆಲ್ಲ ಹಿತವಾಗಿ ಬಿದ್ದಿತ್ತು" ಎಂದಳು. ಅಡುಗೆ ಮಾಡಿದವಳಿಗೆ ತರ್ಕಕ್ಕಿಂತ ಅದೇ ಮುಖ್ಯ.

ಹನ್ನೊಂದಕ್ಕೆ ರಿಪೋರ್ಟು ಬಂತು. ಮಹೇಶನದು ಇನ್ನೂರ ಹತ್ತು, ಸೂಜಿ ಖಾಯಂ. ಸಣ್ಣಸ್ವಾಮಿಯದು ನೂರ ಮೂವತ್ತೊಂದು! ಅವನು ಆ ಕಾಗದವನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನಾಲ್ಕು ಸಲ ಓದಿದ. ಸರ್ವಮಂಗಳ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನನ್ ಕೈಯಲ್ಲಿ ಕೊಡಿ, ದೇವರ ಮುಂದೆ ಇಡ್ತೀನಿ" ಎಂದಳು. ಹತ್ತು ದಿನದಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಸಣ್ಣಸ್ವಾಮಿ ಆಸ್ಪತ್ರೆಯ ಕಿಟಕಿಯಿಂದ ದೂರದ ರಸ್ತೆ ನೋಡಿ, ಬರುತ್ತಿದ್ದ ಬಸ್ಸಿನ ಬೋರ್ಡು ಓದಿ, ಡ್ರೈವರನ ಮೀಸೆಯನ್ನೂ ವರ್ಣಿಸಿದ.

ತಿಂಗಳು ಕಳೆಯಿತು. ಡಾಕ್ಟರು ಗಾಡಿ ಓಡಿಸಬಹುದು ಎಂದರು. ಮಾರನೇ ಬೆಳಿಗ್ಗೆ ಸಣ್ಣಸ್ವಾಮಿ ಗರಿಗರಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟು, ಜೀಪಿನ ಬಲಗಡೆ ಬಾಗಿಲ ಹತ್ತಿರ ನಿಂತು ಕೈ ಚಾಚಿದ. ಸೂಜಿಯ ಔಷಧ ತರಲು ಪೇಟೆಗೆ ಹೊರಟಿದ್ದ ಮಹೇಶ್ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದ.

"ಕೀಲಿಕೈ ಕೊಡು ಮಂಗ್ಳಾ."

ಸರ್ವಮಂಗಳ ಒಳಗೆ ಹೋಗಿ ಕ್ಯಾಲೆಂಡರಿನ ಹಾಳೆ ತಂದಳು. ಅದಕ್ಕೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಆಗಿತ್ತು.

"ಇನ್ನು ಮುಂದೆ ನಾನು ಏನು ಕೇಳಿದರೂ" ಎಂದು ಓದಿ, "ಏನು ಕೇಳಿದರೂ ಅಂದ್ರೆ ಕೀಲಿಕೈಯೂ ಬಂತಲ್ವಾ ಮೇಷ್ಟ್ರೇ?" ಎಂದಳು.

"ಏಯ್, ಅದು ಪಾಯಸಕ್ಕೆ ಬರ್ದಿದ್ದು ಕಣೇ!"

"ಪಾಯಸ ಅಂತ ಎಲ್ಲೂ ಇಲ್ಲ. ಈಗ ಕಣ್ಣು ಚೆನ್ನಾಗಿದೆಯಲ್ಲ, ನೀವೇ ಓದ್ಕೊಳ್ಳಿ."

ಸಣ್ಣಸ್ವಾಮಿ ಓದಿಕೊಂಡ. ಹೊಸ ಕಣ್ಣಿಗೆ ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕಂಡಿತು. ಪಾಯಸ ಇರಲಿಲ್ಲ. ತಾರೀಕು ಇರಲಿಲ್ಲ. ಇಂಥ ದಿನದವರೆಗೆ ಎಂಬ ಅವಧಿಯೂ ಇರಲಿಲ್ಲ. "ಹಿಂತೆಗೆದುಕೊಂಡೆ!" ಎಂದು ಕೂಗಿದವನು, ಮುಂದಿನ ಸಾಲು ಓದಿ ಬಾಯಿ ಮುಚ್ಚಿದ.

"ತರ್ಕದ ಪ್ರಕಾರ ಅತ್ತಿಗೆಯವರದ್ದೇ ಸರಿ" ಎಂದ ಮಹೇಶ್ ಹಿಂದಿನ ಸೀಟಿನಿಂದ.

ಸಣ್ಣಸ್ವಾಮಿ ಗಕ್ಕನೆ ತಿರುಗಿದ. "ಅವತ್ತು ಎರಡು ಸಲ ಓದಿದ್ಯಲ್ಲ! ಬಾಯಿ ಬೇರೆ ತೆರೆದಿದ್ದೆ. ಆಗ್ಲೇ ಗೊತ್ತಾಗಿತ್ತಾ ನಿಂಗೆ?"

"ಗೊತ್ತಾಗಿತ್ತು."

"ಮತ್ತೆ ಹೇಳೋದಲ್ವಾ?"

"ಹೇಳೋದೇ ಸರಿ ಅಂತ್ಲೂ ಗೊತ್ತಿತ್ತು. ಗೆಳೆಯ ಅಲ್ವಾ, ಹೇಳ್ಬೇಕು ಅಂತ ತೀರ್ಮಾನಾನೂ ಮಾಡಿದ್ದೆ. ಆದ್ರೆ ಏನ್ ಮಾಡ್ಲಿ ಸಣ್ಣ..." ಮಹೇಶ್ ಕೈಯೆರಡನ್ನೂ ಎದೆಯ ಮೇಲಿಟ್ಟುಕೊಂಡ. "ಮನಸ್ಸು ದುರ್ಬಲ."

ಸಣ್ಣಸ್ವಾಮಿ ತಾನೇ ಗೆದ್ದ ವಾದ ಅದು. ಸರ್ವಮಂಗಳ ಸೆರಗು ಸಿಕ್ಕಿಸಿಕೊಂಡು ಸ್ಟೇರಿಂಗ್ ಹಿಡಿದಳು. ಅವನು ಸುತ್ತಿ ಬಂದು ಎಡಗಡೆ ಹತ್ತಿ ಕೂತ. ಜೀಪು ಎರಡನೇ ಗೇರಿನಲ್ಲಿ ಹೊರಟಿತು. ಹಾಳು ಕಣ್ಣಿನಿಂದ ಈವರೆಗೆ ಅರ್ಧ ಮಾತ್ರ ಕಾಣುತ್ತಿದ್ದ ತಿರುವುಗಳೆಲ್ಲ ಈಗ ಒಂದೂ ಬಿಡದೆ, ಎದೆ ನಡುಗುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಸಣ್ಣಸ್ವಾಮಿ ಬಲಗಾಲನ್ನು ಚಾಚಿ ಇಲ್ಲದ ಬ್ರೇಕನ್ನು ಒತ್ತಿದ.